ನೂರಕ್ಕೆ ಒಂದು ರೂಪಾಯಿ ಬಡ್ಡಿ ಸರಿ, ಯಾವ ನೂರಕ್ಕೆ?

ನಮ್ಮ ಊರುಗಳಲ್ಲಿ ಕೈಸಾಲದ ಲೆಕ್ಕವನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಎರಡು ರೂಪಾಯಿ ಬಡ್ಡಿ ಅಂದರೆ ನೂರು ರೂಪಾಯಿಗೆ ತಿಂಗಳಿಗೆ ಎರಡು ರೂಪಾಯಿ, ವರ್ಷಕ್ಕೆ ಇಪ್ಪತ್ನಾಲ್ಕು. ಹತ್ತು ಸಾವಿರ ತಂದವನು ತಿಂಗಳಿಗೆ ಇನ್ನೂರು ರೂಪಾಯಿ ಬಡ್ಡಿ ಕಟ್ಟುತ್ತಾನೆ. ರಾಗಿ ಮಾರಿ ಐದು ಸಾವಿರ ಅಸಲು ತೀರಿಸಿದರೆ ಮುಂದಿನ ತಿಂಗಳಿಂದ ಬಡ್ಡಿ ನೂರಕ್ಕೆ ಇಳಿಯುತ್ತದೆ. "ತೀರಿಸಿದ ಐದು ಸಾವಿರಕ್ಕೂ ಬಡ್ಡಿ ಕೊಡು" ಎಂದು ಸಾಲ ಕೊಟ್ಟವನು ಕೇಳಿದರೆ ಅರಳಿಕಟ್ಟೆಯಲ್ಲಿ ನ್ಯಾಯ ಸೇರುತ್ತದೆ.

ಆದರೆ ಇದೇ ಜನ ಬೈಕ್ ಷೋರೂಮಿಗೆ ಹೋಗಿ, ತೀರಿಸಿದ ಅಸಲಿಗೂ ಬಡ್ಡಿ ಕೊಡುತ್ತೇನೆ ಎಂದು ಸಹಿ ಹಾಕಿ ಬರುತ್ತಾರೆ. ಅಲ್ಲಿ ಅದರ ಹೆಸರು ಫ್ಲಾಟ್ ರೇಟ್. ಹೆಸರು ಬೇರೆ ಆಗಿರುವುದರಿಂದ ಯಾರೂ ಜಗಳಕ್ಕೆ ಹೋಗುವುದಿಲ್ಲ.

ನಾನು ಜಿಲ್ಲಾ ಸುದ್ದಿಗಾರ. ಸಾಲದ ಕಂತು ತಪ್ಪಿ ಗಾಡಿ ಎಳೆದುಕೊಂಡು ಹೋದ ಸುದ್ದಿಗಳನ್ನು ಹಲವು ಸಲ ಬರೆದಿದ್ದೇನೆ. ಆಗೆಲ್ಲ ಕಂತು ತಪ್ಪಿದ ಮೇಲಿನ ಕಥೆ ಮಾತ್ರ ಕಾಣುತ್ತದೆ. ಸಾಲ ಪಡೆಯುವ ಮುಂಚಿನ ಲೆಕ್ಕವನ್ನು ಹತ್ತಿರದಿಂದ ನೋಡಿದ್ದು ನನ್ನ ಚಿಕ್ಕಪ್ಪನ ಮಗ ಬೈಕ್ ಕೊಳ್ಳಲು ಹೊರಟಾಗ.

ಅವನು ಎರಡು ಹಸು ಕಟ್ಟಿಕೊಂಡಿದ್ದಾನೆ. ಡೇರಿ ಬಟವಾಡೆಯಲ್ಲಿ ಮೇವು, ಹಿಂಡಿ ಖರ್ಚು ಕಳೆದರೆ ತಿಂಗಳಿಗೆ ಮೂರು ಸಾವಿರ ಉಳಿಸುವುದೇ ಕಷ್ಟ. ಅವನಿಗೆ ಬೇಕಾಗಿದ್ದು 60,000 ರೂಪಾಯಿ ಸಾಲ, ಎರಡು ವರ್ಷಕ್ಕೆ. ಷೋರೂಮಿನಲ್ಲಿ ಕೂತಿದ್ದ ಫೈನಾನ್ಸ್ ಹುಡುಗ ವರ್ಷಕ್ಕೆ 12 ಪರ್ಸೆಂಟ್ ಅಂದ. ತಾಲ್ಲೂಕಿನ ಬ್ಯಾಂಕಿನಲ್ಲಿ ಕೇಳಿದಾಗ 16 ಪರ್ಸೆಂಟ್ ಅಂದಿದ್ದರು.

"ಅಣ್ಣ, ಬ್ಯಾಂಕಿಗಿಂತ ಇವರದೇ ವಾಸಿ. ನೂರಕ್ಕೆ ಒಂದೇ ರೂಪಾಯಿ ಬಡ್ಡಿ" ಅಂದ ತಮ್ಮ.

ನಾನು ಆ ಹುಡುಗನನ್ನು ಒಂದೇ ಪ್ರಶ್ನೆ ಕೇಳಿದೆ. "ಫ್ಲಾಟಾ, ರೆಡ್ಯೂಸಿಂಗಾ?"

"ಫ್ಲಾಟ್ ಸರ್. ಲೆಕ್ಕ ಸುಲಭ" ಅಂದ.

ಅವನು ಸುಳ್ಳು ಹೇಳಲಿಲ್ಲ. ಲೆಕ್ಕ ನಿಜವಾಗಿಯೂ ಸುಲಭ. 60,000ಕ್ಕೆ 12 ಪರ್ಸೆಂಟ್ ಅಂದರೆ ವರ್ಷಕ್ಕೆ 7,200. ಎರಡು ವರ್ಷಕ್ಕೆ 14,400. ಅಸಲು, ಬಡ್ಡಿ ಸೇರಿ 74,400. ಅದನ್ನು 24 ತಿಂಗಳಿಗೆ ಭಾಗಿಸಿದರೆ ಕಂತು 3,100 ರೂಪಾಯಿ. ಬೆರಳಲ್ಲೇ ಎಣಿಸಬಹುದು.

ಈಗ ಇದೇ ಸಾಲವನ್ನು ನಮ್ಮ ಕೈಸಾಲದ ಕಣ್ಣಿನಲ್ಲಿ ನೋಡೋಣ. ಆ 3,100ರಲ್ಲಿ 2,500 ಅಸಲು, 600 ಬಡ್ಡಿ ಎಂದಿಟ್ಟುಕೊಳ್ಳಿ. ಮೊದಲ ತಿಂಗಳು ನಮ್ಮ ಮೇಲೆ 60,000 ಸಾಲ ಇದೆ. ನೂರಕ್ಕೆ ಒಂದು ರೂಪಾಯಿಯಂತೆ 600 ಬಡ್ಡಿ, ನ್ಯಾಯವೇ. ಎರಡನೇ ತಿಂಗಳಿಗೆ 2,500 ಅಸಲು ತೀರಿದೆ, ಉಳಿದ ಸಾಲ 57,500. ಬಡ್ಡಿ 575 ಆಗಬೇಕಿತ್ತು. ಆದರೆ ಕಟ್ಟುವುದು 600. ಹದಿಮೂರನೇ ತಿಂಗಳಲ್ಲಿ ಅರ್ಧ ಸಾಲ ತೀರಿ 30,000 ಉಳಿದಿರುತ್ತದೆ. ಬಡ್ಡಿ 300 ಆಗಬೇಕು, ಕಟ್ಟುವುದು ಮಾತ್ರ ಅದೇ 600. ಅಂದರೆ ಆ ತಿಂಗಳು ಅದು ಎರಡು ರೂಪಾಯಿ ಬಡ್ಡಿಯ ಸಾಲವಾಗಿಬಿಟ್ಟಿದೆ.

ಕೊನೆಯ ತಿಂಗಳನ್ನು ನೋಡಿ. ಉಳಿದ ಸಾಲ ಬರೀ 2,500. ಅದಕ್ಕೆ ಬಡ್ಡಿ 25 ರೂಪಾಯಿ. ಕಟ್ಟುವುದು ಆಗಲೂ 600. ನೂರಕ್ಕೆ ತಿಂಗಳಿಗೆ ಇಪ್ಪತ್ನಾಲ್ಕು ರೂಪಾಯಿ ಬಿತ್ತು. ಮೀಟರ್ ಬಡ್ಡಿಯವರೂ ಇಷ್ಟು ಕೇಳಲು ಹಿಂದೆ ಮುಂದೆ ನೋಡಿಯಾರು.

ಪ್ರತಿ ತಿಂಗಳು ಉಳಿದ ಸಾಲಕ್ಕೆ ಮಾತ್ರ ಒಂದು ರೂಪಾಯಿಯಂತೆ ಬಡ್ಡಿ ಕಟ್ಟಿದ್ದರೆ 24 ತಿಂಗಳಿಗೆ ಒಟ್ಟು 7,500 ಆಗುತ್ತಿತ್ತು. ಫ್ಲಾಟ್ ಲೆಕ್ಕದಲ್ಲಿ 14,400. ಹೆಚ್ಚುಕಮ್ಮಿ ಎರಡರಷ್ಟು. ಕಾರಣ ಇಷ್ಟೇ: ಪೂರ್ತಿ 60,000 ನಮ್ಮ ಹತ್ತಿರ ಇದ್ದದ್ದು ಮೊದಲ ಒಂದು ತಿಂಗಳು ಮಾತ್ರ. ಆಮೇಲೆ ಅದು ಕರಗುತ್ತಾ ಹೋಗುತ್ತದೆ. ಎರಡು ವರ್ಷದ ಸರಾಸರಿ ತೆಗೆದರೆ ನಮ್ಮ ಮೇಲಿದ್ದ ಸಾಲ 31,250 ರೂಪಾಯಿ. ಬಡ್ಡಿ ಹಾಕಿದ್ದು 60,000ದ ಮೇಲೆ.

ಉಳಿದ ಅಸಲಿಗೆ ಮಾತ್ರ ಬಡ್ಡಿ ಹಾಕುವ ಪದ್ಧತಿಗೆ ರೆಡ್ಯೂಸಿಂಗ್ ಬ್ಯಾಲೆನ್ಸ್ ಅನ್ನುತ್ತಾರೆ. ನಮ್ಮ ಕೈಸಾಲದ ನ್ಯಾಯವೂ ಅದೇ. ಬ್ಯಾಂಕಿನಲ್ಲಿ ಪ್ರತಿ ತಿಂಗಳು ಕಂತು ಒಂದೇ ಸಮ ಇರುವಂತೆ ಲೆಕ್ಕ ಹೊಂದಿಸುತ್ತಾರೆ. ಹಾಗಾಗಿ ಮೊದಲ ಕಂತುಗಳಲ್ಲಿ ಬಡ್ಡಿ ಪಾಲು ಜಾಸ್ತಿ, ಕೊನೆಯ ಕಂತುಗಳಲ್ಲಿ ಅಸಲಿನ ಪಾಲು ಜಾಸ್ತಿ. ಬ್ಯಾಂಕಿನ 16 ಪರ್ಸೆಂಟ್ ಈ ಪದ್ಧತಿಯದು. ಅದರಲ್ಲಿ 60,000ಕ್ಕೆ ಕಂತು 2,938 ರೂಪಾಯಿ ಬರುತ್ತದೆ. 24 ತಿಂಗಳಿಗೆ ಒಟ್ಟು 70,512. ಷೋರೂಮಿನದು 74,400. ಹದಿನಾರರ ಸಾಲ ಹನ್ನೆರಡರ ಸಾಲಕ್ಕಿಂತ 3,888 ರೂಪಾಯಿ ಅಗ್ಗ!

ತಮ್ಮ ನಂಬಲಿಲ್ಲ. ಫೋನಿನಲ್ಲೇ ತೋರಿಸಿದೆ. ಗೂಗಲ್ ಶೀಟ್ಸ್ ತೆರೆದು ಒಂದು ಖಾನೆಯಲ್ಲಿ ಹೀಗೆ ಬರೆದರೆ ಸಾಕು:

```
=RATE(24,-3100,60000)*12
```

24 ಅಂದರೆ ತಿಂಗಳು, 3100 ಅಂದರೆ ಕಂತು, 60000 ಅಂದರೆ ಕೈಗೆ ಬಂದ ಸಾಲ. ಕಂತಿನ ಹಿಂದೆ ಮೈನಸ್ ಗುರುತು ಇರಲೇಬೇಕು. ಉತ್ತರ 0.2157 ಎಂದು ಬರುತ್ತದೆ, ಅಂದರೆ ವರ್ಷಕ್ಕೆ ಸುಮಾರು 21.6 ಪರ್ಸೆಂಟ್. ಬ್ಯಾಂಕಿನ 16ರ ಪಕ್ಕದಲ್ಲಿ ಇಡಬೇಕಾದ ಅಂಕಿ ಇದು, 12 ಅಲ್ಲ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಅದು ಒಂದು ರೂಪಾಯಿ ಬಡ್ಡಿಯಲ್ಲ, ಒಂದು ರೂಪಾಯಿ ಎಂಬತ್ತು ಪೈಸೆ ಬಡ್ಡಿ.

ಶೀಟ್ಸ್ ಇಲ್ಲದಿದ್ದರೆ ಒಂದು ಅಂದಾಜು ನೆನಪಿಡಿ. ಒಂದರಿಂದ ಮೂರು ವರ್ಷದ, ತಿಂಗಳ ಕಂತಿನ ಸಾಲಕ್ಕೆ ಫ್ಲಾಟ್ ರೇಟನ್ನು 1.8ರಿಂದ ಗುಣಿಸಿ. 10 ಫ್ಲಾಟ್ ಅಂದರೆ ಸುಮಾರು 18. 12 ಅಂದರೆ ಸುಮಾರು 21.6. ಅಲ್ಪಸ್ವಲ್ಪ ಆಚೀಚೆ ಆಗುತ್ತದೆ, ಆದರೆ ಎರಡು ಸಾಲ ಹೋಲಿಸುವಾಗ ಮೋಸ ಹೋಗುವುದಿಲ್ಲ.

ಇಲ್ಲಿಗೆ ಮುಗಿಯಲಿಲ್ಲ. ಫೈಲ್ ಚಾರ್ಜು, ಕಾಗದಪತ್ರದ ಖರ್ಚು, ಸಾಲದ ವಿಮೆ ಅಂತ 3,000 ಹಿಡಿಯುತ್ತೇವೆ ಅಂದ ಆ ಹುಡುಗ. ಹಾಗಾದರೆ ನಮ್ಮ ಪಾಲಿಗೆ ಬರುವ ಹಣ 57,000. ಕಂತು ಮಾತ್ರ ಅದೇ 3,100. ಮೇಲಿನ ಸೂತ್ರದಲ್ಲಿ 60000 ಇದ್ದ ಜಾಗಕ್ಕೆ 57000 ಹಾಕಿದರೆ ಉತ್ತರ 27 ಪರ್ಸೆಂಟ್ ಆಗುತ್ತದೆ. ಎರಡೂಕಾಲು ರೂಪಾಯಿ ಬಡ್ಡಿ. ಬ್ಯಾಂಕಿನವರೂ ಚಾರ್ಜು ಹಿಡಿಯುತ್ತಾರೆ. ಆದ್ದರಿಂದ ಎರಡೂ ಕಡೆ ಹಿಡಿತ ಕಳೆದು ಕೈಗೆ ಸಿಗುವ ಮೊತ್ತವನ್ನೇ ಹಾಕಿ ನೋಡಬೇಕು.

ಫ್ಲಾಟ್ ಸಾಲದ ಇನ್ನೊಂದು ಮುಖ ಗೊತ್ತಾಗುವುದು ಅವಧಿಗೆ ಮುಂಚೆ ಸಾಲ ತೀರಿಸಲು ಹೋದಾಗ. ಹನ್ನೆರಡು ಕಂತು ಕಟ್ಟಿದವರು "ಅರ್ಧ ಮುಗೀತು, ಇನ್ನು 30,000 ಕೊಟ್ಟರೆ ಸಾಲ ತೀರಿತು" ಅಂದುಕೊಂಡು ಹೋಗುತ್ತಾರೆ. ಅಲ್ಲಿ ಕಂಪ್ಯೂಟರ್ ಸುಮಾರು 33,200 ಬಾಕಿ ತೋರಿಸುತ್ತದೆ. ಯಾಕೆಂದರೆ ಮಾತಿನಲ್ಲಿ 12 ಫ್ಲಾಟ್ ಅಂದಿದ್ದರೂ ಇಂಥ ಕಂಪನಿಗಳು ತಮ್ಮ ಕಂತಿನ ಪಟ್ಟಿಯನ್ನು ಸಾಮಾನ್ಯವಾಗಿ 21.6ರ ರೆಡ್ಯೂಸಿಂಗ್ ಲೆಕ್ಕದಲ್ಲೇ ಮಾಡಿರುತ್ತವೆ. ವರ್ಷದಲ್ಲಿ ಕಟ್ಟಿದ್ದು 37,200, ಅಸಲಿಗೆ ಹೋಗಿದ್ದು ಸುಮಾರು 26,800 ಮಾತ್ರ. ಉಳಿದ ಹನ್ನೆರಡು ಕಂತಿನ ಮೊತ್ತವೂ 37,200. ಈಗಲೇ 33,200 ಕೊಟ್ಟು ತೀರಿಸಿದರೆ ಉಳಿಯುವುದು ನಾಲ್ಕು ಸಾವಿರ. ಮುಂಗಡ ತೀರಿಸುವ ಚಾರ್ಜು ಇದ್ದರೆ ಅದರಲ್ಲೂ ಒಂದು ಪಾಲು ಹೋಗುತ್ತದೆ. ಕೊಬ್ಬರಿಯೋ ಅಡಿಕೆಯೋ ಮಾರಿ ಒಂದೇ ಸಲ ಸಾಲ ತೀರಿಸುವ ಯೋಚನೆ ಇದ್ದವರು ಇದನ್ನು ಸಹಿ ಮಾಡುವ ಮುಂಚೆಯೇ ಕೇಳಬೇಕು.

ಈ ಲೆಕ್ಕವನ್ನೆಲ್ಲ ನಾವೇ ಹಾಕಬೇಕಾಗಿಲ್ಲ ಎನ್ನುವುದು ಹಲವರಿಗೆ ತಿಳಿದಿಲ್ಲ. 2024ರ ಅಕ್ಟೋಬರ್ 1ರಿಂದ ಮಂಜೂರಾಗುವ ಇಂಥ ಸಾಲಗಳಿಗೆ ಬ್ಯಾಂಕುಗಳೂ ಫೈನಾನ್ಸ್ ಕಂಪನಿಗಳೂ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಎಂಬ ಪತ್ರ ಕೊಡಬೇಕು. ಇದು ರಿಸರ್ವ್ ಬ್ಯಾಂಕಿನ ನಿಯಮ. ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಅದು ಇರಬೇಕು. ಅದರಲ್ಲಿ ಎಪಿಆರ್ ಎಂಬ ಒಂದು ಅಂಕಿ ಇರುತ್ತದೆ. ಬಡ್ಡಿ, ಫೈಲ್ ಚಾರ್ಜು, ಅವರ ಮೂಲಕ ಕಟ್ಟಿಸಿಕೊಳ್ಳುವ ವಿಮೆ ಎಲ್ಲ ಸೇರಿ ಸಾಲ ವರ್ಷಕ್ಕೆ ಎಷ್ಟು ಬೀಳುತ್ತದೆ ಎಂದು ಅದು ಹೇಳುತ್ತದೆ. ಪ್ರತಿ ಕಂತಿನಲ್ಲಿ ಅಸಲೆಷ್ಟು, ಬಡ್ಡಿಯೆಷ್ಟು ಎಂಬ ಪಟ್ಟಿಯೂ ಜೊತೆಗಿರಬೇಕು. ಪತ್ರದಲ್ಲಿ ಬರೆಯದ ಚಾರ್ಜನ್ನು ನಮ್ಮ ಸ್ಪಷ್ಟ ಒಪ್ಪಿಗೆ ಇಲ್ಲದೆ ಹಾಕುವಂತಿಲ್ಲ. ಯೋಚಿಸಲು ಕನಿಷ್ಠ ಮೂರು ಕೆಲಸದ ದಿನ ಸಮಯವಿರುತ್ತದೆ. ಅಷ್ಟು ದಿನ ಅದೇ ಷರತ್ತಿಗೆ ಅವರು ಬದ್ಧರು. ಹಾಗಾಗಿ "ಇವತ್ತೇ ಸಹಿ ಹಾಕಿ, ನಾಳೆ ಈ ರೇಟು ಇರಲ್ಲ" ಅಂದರೆ ಅವಸರಪಡಬೇಕಾಗಿಲ್ಲ.

ಪತ್ರ ಕೊಡದಿದ್ದರೆ ಮೊದಲು ಆ ಕಂಪನಿಗೇ ಬರವಣಿಗೆಯಲ್ಲಿ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಬಂದದ್ದು ಸಮಾಧಾನ ತರದಿದ್ದರೆ cms.rbi.org.in ನಲ್ಲಿ ರಿಸರ್ವ್ ಬ್ಯಾಂಕಿಗೆ ದೂರು ಹಾಕಬಹುದು. ಊರಿನ ಕೈಸಾಲಕ್ಕೂ ಚೀಟಿಗೂ ಈ ನಿಯಮ ಅನ್ವಯಿಸುವುದಿಲ್ಲ.

ಫ್ಲಾಟ್ ರೇಟ್ ಹೇಳುವುದೇ ಅಪರಾಧವಲ್ಲ. ಬ್ಯಾಂಕಿಗೆ ನಾಲ್ಕು ಸಲ ಅಲೆದು ಕೂಲಿ ಕಳೆದುಕೊಳ್ಳುವ ಬದಲು ಷೋರೂಮಿನಲ್ಲೇ ಒಂದು ಗಂಟೆಯಲ್ಲಿ ಕೆಲಸ ಮುಗಿಯಲಿ ಎಂದು ಯಾರಾದರೂ ನಾಲ್ಕು ಸಾವಿರ ಹೆಚ್ಚು ಕೊಟ್ಟರೆ ಅದು ಅವರ ಲೆಕ್ಕ. ಆ ನಾಲ್ಕು ಸಾವಿರ ಕೊಡುತ್ತಿದ್ದೇನೆ ಎಂದು ಗೊತ್ತಿದ್ದು ಕೊಡಬೇಕು, ಅಷ್ಟೇ.

ತಮ್ಮ ಮಾತ್ರ ಮರುದಿನ ಪಹಣಿ, ಆಧಾರ್, ಡೇರಿ ಪಾಸ್‌ಬುಕ್ ಹಿಡಿದು ಬ್ಯಾಂಕಿಗೆ ಹೊರಟ. ಕಂತಿನಲ್ಲಿ ಉಳಿಯುವುದು ತಿಂಗಳಿಗೆ 162 ರೂಪಾಯಿ. "ಎರಡು ವರ್ಷಕ್ಕೆ ಎಷ್ಟು ಮೂಟೆ ಹಿಂಡಿ ಬರುತ್ತೆ ಲೆಕ್ಕ ಹಾಕಣ್ಣ" ಅಂದ.