ವಾರಕ್ಕೊಂದು ಪೆನ್ನಿ

ಕಳೆದ ಮಳೆಗಾಲದಲ್ಲಿ ನಮ್ಮ ಸಂಘದವರು ಮಾಸಿಕ ವಂತಿಗೆಯ ಪುಸ್ತಕವನ್ನು ನಮ್ಮ ಕೈಗಿತ್ತರು. ವಾಸ್ಕೋದ ಬಂದರಿನ ಹಿಂದಣ ಚಾಳುಗಳಲ್ಲಿರುವ ಕನ್ನಡಿಗರ ಮನೆಗಳಿಗೆ ಹೋಗಿ ಹಣವನ್ನು ಕೂಡಿಸುವುದು ನಮ್ಮ ಪಾಲಿಗೆ ಬಂದಿತು. ಮೂರು ತಿಂಗಳು ಕೊಡದಿದ್ದ ಗೌಂಡಿಯೊಬ್ಬನ ಹೆಸರನ್ನು ನಾವೇ ಕೆಂಪು ಶಾಯಿಯಿಂದ ಹೊಡೆದು ಹಾಕಿದೆವು. ನಿಯಮವು ಹಾಗಿದ್ದಿತು. ಆತನ ಮಗಳು ಮಾತ್ರ ಮರುವಾರದಿಂದ ಸಂಘದ ಕನ್ನಡ ಪಾಠಕ್ಕೆ ಬರುವುದನ್ನು ನಿಲ್ಲಿಸಿದಳು.

ಆ ದಿನಗಳಲ್ಲಿಯೇ ನಾವು ಜಾನ್ ವೆಸ್ಲಿಯ ವೃತ್ತಾಂತವನ್ನು ಓದುತ್ತಿದ್ದೆವು. ಗೋವೆಯಲ್ಲಿ ಕ್ರೈಸ್ತಮತವೆಂದರೆ ಇಗರ್ಜಿ, ಪಾದ್ರಿ, ಫೆಸ್ತಗಳೇ ಕಣ್ಣಿಗೆ ಕಟ್ಟುತ್ತವೆ. ಮೆಥಡಿಸ್ಟರ ಹೆಸರನ್ನು ನಾವು ಕೇಳಿದುದು ಘಟ್ಟದ ಮೇಲಣ ಬೆಳಗಾವಿಯಲ್ಲಿ. ಅಲ್ಲಿ 1820ರಲ್ಲಿ ಲಂಡನ್ ಮಿಷನ್ನಿನವರು ಆರಂಭಿಸಿದ ಕಾರ್ಯವು 1904ರಲ್ಲಿ ಅಮೆರಿಕದ ಮೆಥಡಿಸ್ಟರ ಕೈಸೇರಿತು. ಬೆಂಗಳೂರಿಗೆ ಇಂಗ್ಲೆಂಡಿನ ವೆಸ್ಲಿಯನ್ನರು 1821ರಲ್ಲಿಯೇ ಬಂದಿದ್ದರು. ಸ್ಯಾಂಡರ್‌ಸನ್ನರ ಕನ್ನಡ ನಿಘಂಟು 1858ರಲ್ಲಿ ಅಚ್ಚಾದುದು ಅವರ ಮುದ್ರಣಾಲಯದಲ್ಲಿ. ಮೆಥಡಿಸ್ಟ್ ಎಂಬುದು ಮೊದಲು ಆಕ್ಸ್‌ಫರ್ಡಿನ ವಿದ್ಯಾರ್ಥಿಗಳು ಹಾಸ್ಯಕ್ಕಾಗಿ ಇಟ್ಟ ಹೆಸರು. ಗಡಿಯಾರ ನೋಡಿ ಪ್ರಾರ್ಥಿಸುವವರು, ಎಲ್ಲಕ್ಕೂ ಒಂದು ಕ್ರಮವಿಟ್ಟವರು ಎಂಬುದು ಅದರ ಇಂಗಿತ.

1739ರ ಫೆಬ್ರವರಿಯಲ್ಲಿ ವೆಸ್ಲಿಯ ಮಿತ್ರನಾದ ಜಾರ್ಜ್ ವಿಟ್‌ಫೀಲ್ಡನು ಬ್ರಿಸ್ಟಲ್ ಪಟ್ಟಣದ ಬಳಿಯ ಕಿಂಗ್ಸ್‌ವುಡ್ಡಿನಲ್ಲಿ ಕಲ್ಲಿದ್ದಲು ಗಣಿಯ ಕೂಲಿಗಳಿಗೆ ಬಯಲಿನಲ್ಲಿ ನಿಂತು ಉಪದೇಶಿಸಿದನು. ಏಪ್ರಿಲಿನಲ್ಲಿ ವೆಸ್ಲಿಯೂ ಹಿಂಜರಿಯುತ್ತಲೇ ಅದೇ ದಾರಿ ಹಿಡಿದನು. ಬಯಲಿನಲ್ಲಿ ಸಾವಿರಾರು ಜನರನ್ನು ಅಳಿಸುವುದು ಒಂದು. ಮರುದಿನ ಅವರನ್ನು ಕೂಡಿಸಿ ಹಿಡಿಯುವುದು ಮತ್ತೊಂದು. ಆ ಎರಡನೆಯದಕ್ಕೆ ಉಪಾಯವು ದೊರೆತುದು ಸಾಲದ ದೆಸೆಯಿಂದ.

ಬ್ರಿಸ್ಟಲಿನಲ್ಲಿ ಕಟ್ಟಿಸಿದ ಸಭಾಮಂದಿರದ ಸಾಲವು ಉಳಿದಿದ್ದಿತು. 1742ರ ಫೆಬ್ರವರಿ 15ರಂದು ಅದನ್ನು ತೀರಿಸಲು ಎಲ್ಲರೂ ಕೂಡಿದರು. ಸದಸ್ಯನೊಬ್ಬನು ವಾರಕ್ಕೊಂದು ಪೆನ್ನಿ ಕೊಡಬೇಕೆಂಬ ಸಲಹೆಯಾಯಿತು. ಅದನ್ನೂ ಕೊಡಲಾರದ ಬಡವರಿದ್ದಾರೆಂದು ಒಬ್ಬರೆಂದರು. ಆಗ ಕ್ಯಾಪ್ಟನ್ ಫಾಯ್ ಎಂಬವನು, ಅತಿ ಬಡವರಾದ ಹನ್ನೊಂದು ಮಂದಿಯನ್ನು ತನ್ನ ಪಾಲಿಗೆ ಬಿಡಿರಿ, ಅವರು ಕೊಟ್ಟರೆ ಸರಿ, ಕೊಡದಿದ್ದರೆ ತಾನೇ ತುಂಬುವೆನೆಂದನು. ಉಳಿದವರೂ ಹನ್ನೊಂದು ಹನ್ನೊಂದು ಮನೆಗಳನ್ನು ವಹಿಸಿಕೊಳ್ಳಲೆಂದನು. ಮುಖಂಡನೂ ಸೇರಿ ಹನ್ನೆರಡು ಜನ, ವಾರಕ್ಕೆ ಹನ್ನೆರಡು ಪೆನ್ನಿ. ಅಂದರೆ ಸರಿಯಾಗಿ ಒಂದು ಶಿಲ್ಲಿಂಗ್. ಈ ಗುಂಪಿಗೆ ‘ಕ್ಲಾಸ್’ ಎಂಬ ಹೆಸರು ಬಂದಿತು.

ಹಣಕ್ಕೆಂದು ಮನೆಮನೆಗೆ ಹೋದವರು ಬೇರೆ ಸುದ್ದಿಯನ್ನೂ ಹೊತ್ತು ತಂದರು. ಒಬ್ಬನು ಕುಡಿಯುತ್ತಾನೆ, ಇನ್ನೊಬ್ಬನು ಹೆಂಡತಿಯೊಡನೆ ಜಗಳವಾಡುತ್ತಾನೆ. ತಾನು ಬಹುಕಾಲದಿಂದ ಅರಸುತ್ತಿದ್ದುದು ಇದೇ ಎಂದು ವೆಸ್ಲಿಗೆ ಹೊಳೆಯಿತು. ಆದರೆ ಮನೆಗೆ ಹೋಗುವುದರಲ್ಲಿ ತೊಡಕುಗಳಿದ್ದವು. ಹೊತ್ತು ಸಾಲದು, ಆಳುಗಳಾಗಿದ್ದವರ ಯಜಮಾನರು ಬಾಗಿಲು ತೆರೆಯರು, ಒಬ್ಬರ ಮೇಲೊಬ್ಬರು ಹೇಳಿದ ದೂರು ಎದುರುಬದುರಾಗದೆ ತೀರದು. ಆದುದರಿಂದ ಹನ್ನೆರಡು ಜನರೂ ವಾರಕ್ಕೊಮ್ಮೆ ಒಂದೆಡೆ ಕೂಡುವುದು ರೂಢಿಯಾಯಿತು. ಅಲ್ಲಿ ಪ್ರತಿಯೊಬ್ಬರೂ ತಮ್ಮ ವಾರದ ಬಾಳನ್ನು ಬಾಯಿಬಿಟ್ಟು ಹೇಳಬೇಕು. ಓದು ಬಾರದ ಗಣಿಕೂಲಿಯೂ ಮಾತನಾಡಬೇಕು. ಮುಖಂಡರಲ್ಲಿ ಹೆಂಗಸರೂ ಇದ್ದರು. ಲೆಕ್ಕವಿಡುವುದು, ಸಭೆ ನಡೆಸುವುದು, ಹತ್ತು ಜನರೆದುರು ನಿಲ್ಲುವುದು ಇವೆಲ್ಲವನ್ನೂ ಬಡವರು ಇಲ್ಲಿ ಕಲಿತರು.

ಕಲಿತುದು ಪ್ರಾರ್ಥನೆಯಲ್ಲಿಯೇ ನಿಲ್ಲಲಿಲ್ಲ. 1834ರಲ್ಲಿ ಡಾರ್ಸೆಟ್ ಪ್ರಾಂತದ ಟಾಲ್‌ಪಡಲ್ ಹಳ್ಳಿಯ ಆರು ಮಂದಿ ಹೊಲದ ಕೂಲಿಗಳು, ಕೂಲಿಯನ್ನಿಳಿಸಿದುದಕ್ಕೆದುರಾಗಿ ಸಂಘ ಕಟ್ಟಿ, ಏಳು ವರ್ಷ ಗಡೀಪಾರಿನ ಶಿಕ್ಷೆಗೊಳಗಾದರು. ಅವರ ನಾಯಕನಾದ ಜಾರ್ಜ್ ಲವ್‌ಲೆಸ್ ಮೆಥಡಿಸ್ಟರ ಉಪದೇಶಕನು. ಹೀಗೆಂದು ವೆಸ್ಲಿಯನ್ನು ಕ್ರಾಂತಿಕಾರನೆಂದು ಬಗೆಯಲಾಗದು. ಆತನು ರಾಜನಿಷ್ಠನು, 1791ರಲ್ಲಿ ಆತನು ತೀರಿಕೊಂಡ ಮೇಲೆ ಪಂಥದ ಹಿರಿಯರೂ ಕೂಲಿಕಾರರ ಚಳವಳಿಯಿಂದ ದೂರ ಸರಿದರು. ಈ ಶಿಸ್ತು ಕೂಲಿಗಳನ್ನು ಕಾರ್ಖಾನೆಯ ಮಾಲಿಕರಿಗೆ ಒಗ್ಗುವಂತೆ ಪಳಗಿಸಿತೆಂದು ಇ. ಪಿ. ಥಾಂಪ್ಸನ್ 1963ರ ತಮ್ಮ ಗ್ರಂಥದಲ್ಲಿ ಕಟುವಾಗಿ ಬರೆದರು. ಅದರಲ್ಲಿ ಹುರುಳಿಲ್ಲದಿಲ್ಲ. ಕ್ಲಾಸಿನ ಚೀಟಿಯನ್ನು ಮೂರು ತಿಂಗಳಿಗೊಮ್ಮೆ ಹೊಸದಾಗಿ ಕೊಡುತ್ತಿದ್ದರು. ನಡತೆ ಕೆಟ್ಟವನಿಗೆ ಚೀಟಿಯಿಲ್ಲ, ಒಳಗೆ ಸ್ಥಳವಿಲ್ಲ. ಕೂಡಿಸುವ ಸಾಧನವೇ ಹೊರದೂಡುವ ಸಾಧನವೂ ಆಗಿದ್ದಿತು. ಆದರೆ ಅಲ್ಲಿ ಹೊರಬಿದ್ದವನು ಬಡತನಕ್ಕಾಗಿ ಬೀಳಲಿಲ್ಲ. ಫಾಯನ ಏರ್ಪಾಡಿನಲ್ಲಿ ಪೆನ್ನಿಯಿಲ್ಲದವನ ಹೆಸರು ಪಟ್ಟಿಯಲ್ಲಿಯೇ ಉಳಿಯುತ್ತಿದ್ದಿತು.

ಇದನ್ನೋದಿದ ಭಾನುವಾರ ನಾವು ಆ ಗೌಂಡಿಯ ಮನೆಗೆ ಹೋದೆವು. ಆತನ ಹೆಂಡತಿ ನಮ್ಮ ಕಂಕುಳಲ್ಲಿದ್ದ ಪುಸ್ತಕವನ್ನು ನೋಡಿ, “ಈ ತಿಂಗಳೂ ಇಲ್ಲರೀ ಮಾಸ್ತರ, ಅವರು ಸಾರವಿ ಮ್ಯಾಲಿಂದ ಬಿದ್ದು ಕಾಲು ಮುರಕೊಂಡಾರ್ರಿ” ಎಂದಳು. ಪಾವತಿಯ ಬಗ್ಗೆ ನಾವೇನೂ ಕೇಳಿರಲಿಲ್ಲ. ಮೂರು ತಿಂಗಳು ಅದೇ ಓಣಿಯಲ್ಲಿ ತಿರುಗಿಯೂ ಈ ಸಂಗತಿಯು ನಮಗೆ ತಿಳಿದಿರಲಿಲ್ಲ. ಹುಡುಗಿಯು ಒಳಗಿನಿಂದ ನೀರು ತಂದಿಟ್ಟಳು. ನಾವು ಪುಸ್ತಕವನ್ನು ತೆರೆಯದೆಯೇ ಬಹಳ ಹೊತ್ತು ಅಲ್ಲಿ ಕುಳಿತಿದ್ದೆವು.