‘ಅತ್ತೆ’ ಎಂಬ ಮಾತೂ ‘ಪಿಶಿ’ ಎಂಬ ಮಾತೂ

ಈ ಸ್ಮರಣ ಸಂಚಿಕೆಗೆ ನಾನೂ ಒಂದು ಲೇಖನವನ್ನು ಕೊಡಬೇಕೆಂದು ನಮ್ಮ ಹಿರಿಯ ತರಗತಿಯ ಹುಡುಗಿಯರು ಬಂದು ಕೇಳಿದಾಗ, ನನ್ನಿಂದ ನಡೆದುಹೋದ ಒಂದು ತಪ್ಪು ಮನಸ್ಸಿಗೆ ಬಂದಿತು. ಅದು ಒಂದು ಶಬ್ದವನ್ನು ಸರಿಯಾಗಿ ಅರಿಯದೆ ಮಾಡಿದ ತಪ್ಪು. ಭಾಷೆಯನ್ನು ಕಲಿಸುವವಳೇ ಇಂಥ ತಪ್ಪನ್ನು ಮಾಡಿದಳೆಂಬದು ಹೇಳಿಕೊಳ್ಳತಕ್ಕ ಸಂಗತಿಯಲ್ಲ. ಆದರೂ ಅದರಿಂದ ನಾನು ಕಲಿತದ್ದನ್ನು ಇತರರಿಗೆ ತಿಳಿಸುವದು ಒಳ್ಳೇದೆಂದು ಬರೆಯುತ್ತೇನೆ.

ಹನ್ನೆರಡು ವರುಷಗಳ ಹಿಂದೆ ಒಬ್ಬ ಬಂಗಾಳಿ ಹುಡುಗಿ ನಮ್ಮ ವಸತಿಗೃಹದಲ್ಲಿದ್ದಳು. ಅವಳ ತಂದೆಯವರು ಕೆಲಸದ ನಿಮಿತ್ತ ಈ ಪ್ರಾಂತಕ್ಕೆ ವರ್ಗವಾಗಿ ಬಂದವರು. ಹುಡುಗಿಗೆ ಹದಿನಾಲ್ಕು ವರುಷ, ಮಿತಭಾಷಿಣಿ, ಎರಡು ವರುಷಗಳಲ್ಲಿಯೇ ಕನ್ನಡವನ್ನು ಅಚ್ಚುಕಟ್ಟಾಗಿ ಕಲಿತಿದ್ದಳು. ವಾರ್ಷಿಕ ಪರೀಕ್ಷೆಗೆ ಎಂಟು ದಿವಸಗಳಿರುವಾಗ ಅವಳು ನನ್ನ ಕೋಣೆಗೆ ಬಂದು, “ಟೀಚರ್, ನನ್ನ ಅತ್ತೆಗೆ ಬಹಳ ಕಾಯಿಲೆ. ಅಪ್ಪ ಆಗಲೇ ಊರಿಗೆ ಹೋಗಿದ್ದಾರೆ. ನಾನೂ ಹೋಗಬೇಕು,” ಎಂದಳು. ಊರೆಂದರೆ ನದಿಯಾ ಜಿಲ್ಲೆಯ ಕೃಷ್ಣನಗರ. ಹೋಗಲಿಕ್ಕೆ ಎರಡು ದಿವಸ, ಬರಲಿಕ್ಕೆ ಎರಡು ದಿವಸ. ನಮ್ಮ ವಸತಿಗೃಹದ ನಿಯಮದಲ್ಲಿ ಇಂಥ ರಜೆಯು ತಂದೆ, ತಾಯಿ, ಒಡಹುಟ್ಟಿದವರು, ಅಜ್ಜ, ಅಜ್ಜಿ ಇವರ ಸಲುವಾಗಿ ಮಾತ್ರ ದೊರೆಯುತ್ತಿತ್ತು. ನಾನು ಅವಳಿಗೆ, “ಅತ್ತೆಯವರ ಮನೆಯಲ್ಲಿ ನೋಡಿಕೊಳ್ಳುವವರು ಇದ್ದಾರಲ್ಲವೇ, ಮಗು? ಪರೀಕ್ಷೆ ಮುಗಿಯಲಿ, ಆ ಮೇಲೆ ಹೋಗಬಹುದು,” ಎಂದೆನು. ಅವಳು ಬಾಗಿಲ ತನಕ ಹೋಗಿ ತಿರುಗಿ ನಿಂತು, “ಅತ್ತೆ ಅಲ್ಲ ಟೀಚರ್, ರಾಂಗಾ ಪಿಶಿ,” ಎಂದಳು. ನಾನು ನಕ್ಕು, “ಎರಡೂ ಒಂದೇ ಅಲ್ಲವೇ?” ಎಂದು ಕೇಳಿದೆನು. ಅವಳು ಉತ್ತರ ಕೊಡದೆ ಹೋದಳು. ಪರೀಕ್ಷೆಯ ಮೂರನೆಯ ದಿವಸ ಆ ರಾಂಗಾ ಪಿಶಿಯು ತೀರಿಕೊಂಡ ವರ್ತಮಾನ ಬಂದಿತು.

ಅನಂತರ ತಂದೆಯವರು ಬಂದಾಗ ನನಗೆ ವಿಷಯವು ತಿಳಿಯಿತು. ಹುಡುಗಿಯು ಮೂರು ವರುಷದವಳಿರುವಾಗ ತಾಯಿಯನ್ನು ಕಳಕೊಂಡವಳು. ತಂದೆಯ ವಿಧವೆಯಾದ ತಂಗಿಯೇ ಅಣ್ಣನ ಮನೆಗೆ ಬಂದು ನಿಂತು ಅವಳನ್ನು ಹತ್ತು ವರುಷದ ತನಕ ಸಾಕಿದ್ದಳು. ಅವರು ನನ್ನ ಮೇಲೆ ಒಂದು ಕಟುವಾದ ಮಾತನ್ನೂ ಆಡಲಿಲ್ಲ. ಅದೇ ನನಗೆ ಹೆಚ್ಚು ಭಾರವಾಯಿತು. ಎರಡೂ ಒಂದೇ ಎಂದು ನಾನು ಹೇಳಿದ್ದು ನಿಜವೋ ಎಂದು ಅಂದಿನಿಂದ ವಿಚಾರಿಸತೊಡಗಿದೆನು. ಬಂಗಾಳಿ ಗೆಳತಿಯರನ್ನು ಕೇಳಿಯೂ ಅವರ ಕಥೆಗಳನ್ನು ಓದಿಯೂ ನಾನು ಕಂಡುಕೊಂಡದ್ದು ಹೀಗಿದೆ.

ನಿಘಂಟಿನ ಪ್ರಕಾರ ಪಿಶಿ ಎಂದರೆ ತಂದೆಯ ಸಹೋದರಿ. ಕನ್ನಡದಲ್ಲಿ ಅತ್ತೆ ಅಥವಾ ಸೋದರತ್ತೆ. ಆದರೆ ಬಂಗಾಳಿಯ ಪಿಶಿಯು ಈ ಒಬ್ಬಳೇ. ನಮ್ಮ ಅತ್ತೆಯೋ ಮೂವರು. ತಂದೆಯ ಸಹೋದರಿಯೂ ಅತ್ತೆ, ಸೋದರಮಾವನ ಹೆಂಡತಿಯೂ ಅತ್ತೆ, ಗಂಡನ ತಾಯಿಯೂ ಅತ್ತೆ. ಬಂಗಾಳಿಯಲ್ಲಿ ಈ ಮೂವರಿಗೆ ಪಿಶಿ, ಮಾಮಿ, ಶಾಶುಡಿ ಎಂಬ ಮೂರು ಬೇರೆ ಬೇರೆ ಶಬ್ದಗಳಿವೆ. ಹಾಗೆಯೇ ನಮ್ಮ ಮಾವನು ತಾಯಿಯ ಸಹೋದರನೂ ಹೌದು, ಗಂಡನ ತಂದೆಯೂ ಹೌದು. ಬಂಗಾಳಿಯ ಮಾಮನು ತಾಯಿಯ ಸಹೋದರನು ಮಾತ್ರ.

ಇದು ನಮ್ಮ ಭಾಷೆಯ ಬಡತನವಲ್ಲ, ವಿವಾಹಪದ್ಧತಿಯ ಗುರುತು. ನಮ್ಮ ದೇಶದಲ್ಲಿ ಸೋದರತ್ತೆಯ ಮಗನಿಗೂ ಸೋದರಮಾವನ ಮಗನಿಗೂ ಹೆಣ್ಣು ಕೊಡುವ ರೂಢಿಯು ಬಹು ಹಿಂದಿನಿಂದ ಬಂದದ್ದು. ಅನೇಕ ಜಾತಿಗಳಲ್ಲಿ ಸೋದರಮಾವನೇ ಅಕ್ಕನ ಮಗಳನ್ನು ವರಿಸುವದುಂಟು. ತೊಟ್ಟಿಲಲ್ಲಿರುವ ಹೆಣ್ಣುಮಗುವಿಗೆ ತಂದೆಯ ತಂಗಿಯು ನಾಳಿನ ಅತ್ತೆಯಾಗಬಹುದು. ಆದದರಿಂದ ಎರಡಕ್ಕೂ ಒಂದೇ ಶಬ್ದವು ಸಾಕಾಯಿತು. ಬಂಗಾಳದ ಹಿಂದುಗಳಲ್ಲಾದರೋ ಇಂಥ ವಿವಾಹವು ನಿಷಿದ್ಧ. ಪಿಶಿಯು ಎಂದಿಗೂ ಶಾಶುಡಿಯಾಗಲಾರಳು. ಅವಳ ಮುಂದೆ ಹುಡುಗಿಯು ಜಾಗ್ರತೆಯಿಂದ ನಡೆಯಬೇಕಾದ ಕಾರಣವಿಲ್ಲ. ಆ ಶಬ್ದದ ಮೇಲೆ ಮುಂದಿನ ಮರ್ಯಾದೆಯ ನೆರಳು ಬೀಳುವದಿಲ್ಲ. ಮಾಮನ ವಿಷಯವೂ ಹಾಗೆಯೇ. ಮಾಮನ ಮನೆಯ ಹಟವೆಂದರೆ ಬಂಗಾಳಿಯಲ್ಲಿ ಎಷ್ಟು ಅತಿಯಾದರೂ ನಡೆಯುವ ಹಟವೆಂದು ಗಾದೆಯ ಮಾತಾಗಿದೆ. ನಾವು ಕೂಡ ಮಗುವಿಗೆ ಚಂದ್ರನನ್ನು ತೋರಿಸುವಾಗ ಚಂದಮಾಮ ಎನ್ನುತ್ತೇವೆ, ಚಂದಮಾವ ಎನ್ನುವದಿಲ್ಲ. ಮಾವ ಎಂಬ ಶಬ್ದಕ್ಕೆ ತಗಲಿದ ಗಾಂಭೀರ್ಯವನ್ನು ನಮ್ಮ ತಾಯಂದಿರೇ ಅರಿತು, ಮಗುವಿನ ಸಲುವಾಗಿ ಅದನ್ನು ಬಿಟ್ಟುಬಿಟ್ಟರೆಂದು ನನಗೆ ತೋರುತ್ತದೆ.

ಇನ್ನು ರಾಂಗಾ ಎಂಬ ಮಾತು. ರಾಂಗಾ ಎಂದರೆ ಕೆಂಪು, ಚೆಲುವಾದ ಬಣ್ಣದ್ದು. ನಾನು ಅದನ್ನು ಆ ಹೆಂಗಸಿನ ಹೆಸರೆಂದು ತಿಳಿದಿದ್ದೆನು. ಆದರೆ ದೊಡ್ಡ ಕುಟುಂಬಗಳಲ್ಲಿ ಒಡಹುಟ್ಟಿದವರನ್ನು ಬಂಗಾಳಿಗಳು ಹುಟ್ಟಿದ ಕ್ರಮದಿಂದ ಕರೆಯುತ್ತಾರೆ. ಮೊದಲನೆಯವರು ಬಡೊ, ಎರಡನೆಯವರು ಮೇಜೊ, ಮೂರನೆಯವರು ಶೇಜೊ, ನಾಲ್ಕನೆಯವರು ನೊ, ಕಡೆಯವರು ಛೋಟೊ. ನಡುವೆ ಇನ್ನೂ ಜನರಿದ್ದರೆ ಎಣಿಕೆಯ ಶಬ್ದವು ಮುಗಿದು, ರಾಂಗಾ, ಫುಲ್, ನೊತುನ್, ಅಂದರೆ ಕೆಂಪು, ಹೂವು, ಹೊಸದು ಎಂಬ ಮುದ್ದಿನ ಮಾತುಗಳು ಬರುತ್ತವೆ. ಇವುಗಳ ಕ್ರಮವು ಮನೆಯಿಂದ ಮನೆಗೆ ಬೇರೆ. ಹೂವಿನ ಅಕ್ಕನು ಫುಲ್‌ದಿ. ಕೆಂಪು ಅತ್ತೆಯು ರಾಂಗಾ ಪಿಶಿ. ರವೀಂದ್ರನಾಥ ಠಾಕೂರರು ತಮ್ಮ ಅಣ್ಣ ಜ್ಯೋತಿರಿಂದ್ರನಾಥರ ಪತ್ನಿಯಾದ ಕಾದಂಬರೀ ದೇವಿಯವರನ್ನು ನೊತುನ್ ಬೌಠಾನ್, ಹೊಸ ಅತ್ತಿಗೆ, ಎಂದು ಕರೆಯುತ್ತಿದ್ದರು. ಆಕೆಯು 1884ರಲ್ಲಿ ತೀರಿಕೊಂಡ ಮೇಲೆಯೂ ಅವರ ಪಾಲಿಗೆ ಆ ಹೆಸರು ಹಳೆಯದಾಗಲಿಲ್ಲ.

ನಾವು ಏನು ಮಾಡುತ್ತೇವೆ? ದೊಡ್ಡಪ್ಪ, ಚಿಕ್ಕಪ್ಪ, ದೊಡ್ಡಮ್ಮ, ಚಿಕ್ಕಮ್ಮ ಎಂಬಷ್ಟು ದೂರ ನಾವೂ ಎಣಿಸುತ್ತೇವೆ. ಅತ್ತೆಯರು ನಾಲ್ವರಿದ್ದರೆ ಊರಿನ ಹೆಸರನ್ನು ಸೇರಿಸಿ, ಧಾರವಾಡದ ಅತ್ತೆ, ಹಾಸನದ ಅತ್ತೆ ಎನ್ನುತ್ತೇವೆ. ಅವಳು ಕೊಟ್ಟ ಮನೆಯವಳಾದಳು, ಬೇರೆ ಊರಿನವಳಾದಳು ಎಂಬದನ್ನು ನಮ್ಮ ಮಾತೇ ನೆನಪಿಗೆ ತರುತ್ತದೆ. ಆ ಹುಡುಗಿಯ ಪಿಶಿಯಾದರೋ ಮದುವೆಯಾಗಿ ಹೋಗಿ ತಿರುಗಿ ಬಂದರೂ ತನ್ನ ಬಾಲ್ಯದ ಮುದ್ದಿನ ಹೆಸರಿನಿಂದಲೇ ಕರೆಯಲ್ಪಟ್ಟಳು. “ಅತ್ತೆಯವರ ಮನೆಯಲ್ಲಿ” ಎಂದು ನಾನು ಹೇಳಿದಾಗಲೇ ಅವಳನ್ನು ಬೇರೊಂದು ಮನೆಗೆ ಕಳುಹಿಸಿಬಿಟ್ಟಿದ್ದೆನು. ಅವಳು ಇದ್ದದ್ದು ಹುಡುಗಿಯ ಮನೆಯಲ್ಲಿಯೇ.

ಹಾಗಾದರೆ ಬಂಗಾಳಿಯು ಪ್ರೀತಿಯ ಭಾಷೆ, ಕನ್ನಡವು ಉಪಚಾರದ ಭಾಷೆ ಎನ್ನೋಣವೋ? ಬಾರದು. ಬಂಗಾಳಿಯಲ್ಲಿಯೂ ದೂರವನ್ನಿಡುವ ಸಂಬಂಧಗಳಿವೆ. ಗಂಡನ ಅಣ್ಣನು ಭಾಶುರ್. ಹಳೆಯ ಮನೆತನಗಳಲ್ಲಿ ಸೊಸೆಯು ಅವನೆದುರಿಗೆ ಮುಸುಕಿಲ್ಲದೆ ಬರುತ್ತಿರಲಿಲ್ಲ. ಪಿಶಿಯ ಗಂಡನಿಗೆ ಮಹಾಶಯ ಎಂಬ ಬಾಲವನ್ನು ಹಚ್ಚಿ ಪಿಶೆಮಶಾಯ್ ಎಂದು ಕರೆಯುತ್ತಾರೆ. ಮತ್ತು ಮಾಶಿ, ದಾದಾ ಎಂಬ ಮಾತುಗಳನ್ನು ಮನೆಗೆಲಸದವಳಿಗೂ ಬಸ್ಸಿನ ಕಂಡಕ್ಟರನಿಗೂ ದಿನಾಲು ಹೇಳುವದರಿಂದ, ಆ ಮಾತು ಬಂದಲ್ಲೆಲ್ಲಾ ಪ್ರೀತಿಯಿದೆ ಎಂದೂ ತಿಳಿಯಕೂಡದು.

ಕನ್ನಡದ ವಾತ್ಸಲ್ಯವು ಬೇರೆ ಸ್ಥಳದಲ್ಲಿ ಕೂತಿದೆ. ಒಂದು, ಕ್ರಿಯಾಪದದ ಕೊನೆಯಲ್ಲಿ. “ಬಾರಮ್ಮ,” “ಊಟ ಮಾಡಪ್ಪ” ಎಂದು ಎಳೆಯ ಮಗುವಿಗೆ ತಾಯಿ ತಂದೆಯರ ಹೆಸರನ್ನೇ ಕೊಟ್ಟು ಕರೆಯುತ್ತೇವೆ. ಇನ್ನೊಂದು, ಹೆಸರಿನ ಕೊನೆಯಲ್ಲಿ. ಹನ್ನೆರಡನೆಯ ಶತಮಾನದ ಶರಣರನ್ನು ನಮ್ಮ ಜನರು ಬಸವಣ್ಣ ಎಂದೂ ಅಕ್ಕಮಹಾದೇವಿ ಎಂದೂ ಕರೆದರು. ಅಣ್ಣ ಅಕ್ಕ ಎಂಬದಕ್ಕಿಂತ ದೊಡ್ಡ ಬಿರುದು ಅವರಿಗೆ ಬೇಕಾಗಲಿಲ್ಲ. ಮೂರನೆಯದು, ನೀನು ನೀವು ಎಂಬ ಭೇದದಲ್ಲಿ. ಬಂಗಾಳಿಯಲ್ಲಿ ತುಇ, ತುಮಿ, ಆಪನಿ ಎಂದು ಮೂರು ಮೆಟ್ಟಲುಗಳಿವೆ. ಪಿಶಿಯು ಮಗುವಿಗೆ ತುಇ ಎನ್ನುವಳು, ಮಗುವು ಪಿಶಿಗೆ ತುಮಿ ಎನ್ನುವದು. ನಮ್ಮ ಅನೇಕ ಮನೆಗಳಲ್ಲಿ ಮಗುವೂ ಸೋದರತ್ತೆಗೆ ನೀನು ಎಂದೇ ಹೇಳುತ್ತದೆ. ಅದೇ ಅತ್ತೆಯ ಮಗನ ಕೈ ಹಿಡಿದ ದಿವಸದಿಂದ ನೀನು ಹೋಗಿ ನೀವು ಬರುತ್ತದೆ. ಶಬ್ದವು ಅತ್ತೆ ಎಂದೇ ಉಳಿಯುತ್ತದೆ. ಆದಕಾರಣ ಕನ್ನಡದಲ್ಲಿ ಪ್ರೀತಿಯನ್ನು ಅರಿಯಬೇಕಾದರೆ ಸಂಬಂಧದ ಹೆಸರನ್ನು ಕೇಳಿದರೆ ಸಾಲದು, ಅದರೊಡನೆ ಬರುವ ಕ್ರಿಯಾಪದವನ್ನೂ ಕೇಳಬೇಕು. ಬಂಗಾಳಿಯವರು ಹೆಸರಿನಲ್ಲಿಯೇ ಹೇಳಿಬಿಡುವದನ್ನು ನಾವು ವಾಕ್ಯದ ತುದಿಯ ತನಕ ಕಾದಿಡುತ್ತೇವೆ. ಅನ್ಯಭಾಷೆಯ ಹುಡುಗಿಯು “ನನ್ನ ಅತ್ತೆಗೆ ಕಾಯಿಲೆ” ಎಂದು ವ್ಯಾಕರಣ ತಪ್ಪದೆ ಹೇಳಿದಾಗ, ಅವಳು ಹೇಳಬೇಕೆಂದಿದ್ದ ಮುಖ್ಯಾಂಶವು ಆ ವಾಕ್ಯದಲ್ಲಿ ಸೇರಲೇ ಇಲ್ಲ.

ಅತ್ತೆ ಎಂಬ ಶಬ್ದದಲ್ಲಿ ಪ್ರೀತಿಗೆ ಸ್ಥಳವಿಲ್ಲವೆಂದು ನಾನು ಹೇಳಲಾರೆನು. ನಮ್ಮ ಸತ್ಯವೇದದಲ್ಲಿ ರೂತಳು ತನ್ನ ಜನರನ್ನೂ ದೇಶವನ್ನೂ ಬಿಟ್ಟು ಬೆನ್ನು ಹಿಡಿದು ಹೋದದ್ದು ಅತ್ತೆಯಾದ ನೊವೊಮಿಯನ್ನೇ. ಆದರೆ ಅಲ್ಲಿ ಆ ಶಬ್ದಕ್ಕೆ ಶಾಖವನ್ನು ಕೊಟ್ಟದ್ದು ರೂತಳ ನಡತೆ. ಶಬ್ದವನ್ನು ಮಾತ್ರ ಕೇಳಿದ್ದವರಿಗೆ ಅದು ತಿಳಿಯುತ್ತಿರಲಿಲ್ಲ.

ಆ ಹುಡುಗಿಯು ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಮರುವರುಷ ತಂದೆಯೊಡನೆ ಬಂಗಾಳಕ್ಕೆ ಹೊರಟುಹೋದಳು. ಹೊರಡುವ ದಿವಸ ನಾನು ಅವಳಿಗೆ, “ನಾನು ಅಂದು ತಪ್ಪು ಮಾಡಿದೆನು, ಮಗು,” ಎಂದು ಹೇಳಿದೆನು. ಅವಳು ನನ್ನ ಪಾದಗಳನ್ನು ಮುಟ್ಟಿ, “ಬರುತ್ತೇನೆ, ದಿದಿಮಣಿ,” ಎಂದಳು. ಬಂಗಾಳದ ಶಾಲೆಗಳಲ್ಲಿ ಉಪಾಧ್ಯಾಯಿನಿಯನ್ನು ಹಾಗೆ ಕರೆಯುತ್ತಾರೆ. ದಿದಿ ಎಂದರೆ ಅಕ್ಕ, ಮಣಿ ಎಂದರೆ ರತ್ನ. ನಮ್ಮ ಉತ್ತರದ ಜಿಲ್ಲೆಗಳ ಮಕ್ಕಳು ಅಕ್ಕೋರು ಎನ್ನುತ್ತಾರಲ್ಲಾ, ಅದೂ ಅಕ್ಕನೇ. ಆದರೆ ಬಹುವಚನದಲ್ಲಿ, ಗೌರವದೊಡನೆ. ಎರಡು ವರುಷ ನನ್ನನ್ನು ಟೀಚರ್ ಎಂದು ಕರೆದವಳು ಆ ಒಂದು ಸಾರಿ ತನ್ನ ಭಾಷೆಯಲ್ಲಿ ಕರೆದಳು. ಅದು ಕ್ಷಮೆಯೋ ಬರಿಯ ರೂಢಿಯೋ ನಾನು ಕೇಳಲಿಲ್ಲ.

ಆ ವರುಷದಿಂದ ವಸತಿಗೃಹದ ರಜೆಯ ಅರ್ಜಿಯಲ್ಲಿ ‘ಸಂಬಂಧ’ ಎಂಬ ಅಂಕಣದ ಕೆಳಗೆ ಇನ್ನೆರಡು ಅಂಕಣಗಳನ್ನು ಸೇರಿಸಿದ್ದೇವೆ: ‘ಮನೆಯಲ್ಲಿ ನೀನು ಅವರನ್ನು ಏನೆಂದು ಕರೆಯುತ್ತೀ?’ ‘ನಿನ್ನನ್ನು ಸಾಕಿದವರು ಯಾರು?’ ಹೊಸದಾಗಿ ಬಂದ ಉಪಾಧ್ಯಾಯಿನಿಯರು ಇದೇಕೆಂದು ಆಗಾಗ್ಗೆ ಕೇಳುವದುಂಟು. ಅವರಿಗೆ ಉತ್ತರವಾಗಿ ಇದನ್ನು ಬರೆದಿದ್ದೇನೆ.