ಆರು ತಿಂಗಳು ಬಡ್ಡಿ ಇಲ್ಲ, ತಪ್ಪಿದರೆ?

ಸಾಂಗ್ಲಿ ಜಿಲ್ಲೆಯ ಜತ್ತದಲ್ಲಿ ವ್ಯಾಪಾರ ಮಾಡಿಕೊಂಡಿರುವ ನನ್ನಂಥ ಬ್ಯಾರಿಗೆ ಇಲ್ಲಿ ಕನ್ನಡ ಮಾತನಾಡುವ ರೈತರೇ ಹೆಚ್ಚಿನ ಗಿರಾಕಿಗಳು. ದಾಳಿಂಬೆಯವರು ಜೂನ್‌ನಲ್ಲಿ ಮೃಗ ಬಹರ್ ಹಿಡಿದರೆ ಹಣ್ಣಿನ ದುಡ್ಡು ಕೈಸೇರಲು ಡಿಸೆಂಬರ್, ಜನವರಿ ಆಗುತ್ತದೆ. ಹಾಗಾಗಿ ‘ಈಗ ಒಯ್ಯಿರಿ, ಆರು ತಿಂಗಳಲ್ಲಿ ಕಟ್ಟಿರಿ, ಬಡ್ಡಿ ಇಲ್ಲ’ ಎಂಬ ಬೋರ್ಡು ಅವರಿಗೆಂದೇ ಬರೆದಂತಿರುತ್ತದೆ.

ಪಕ್ಕದ ಊರಿನ ಒಬ್ಬರು ಜೂನ್ 10ರಂದು 60,000 ರೂಪಾಯಿಯ ಔಷಧ ಹೊಡೆಯುವ ಪಂಪು ಒಯ್ದರು. ಸಾಲ ಕೊಟ್ಟದ್ದು ಒಂದು ಫೈನಾನ್ಸ್ ಕಂಪನಿ. ಆಗಾಗ ಕಟ್ಟುತ್ತಾ 50,000 ತೀರಿಸಿದರು. ಕೊನೆಯ ದಿನ ಡಿಸೆಂಬರ್ 9. ಹಣ್ಣು ಕೊಂಡ ವ್ಯಾಪಾರಿ ದುಡ್ಡು ಕೊಟ್ಟದ್ದು 14ಕ್ಕೆ. ಉಳಿದ 10,000 ಕಟ್ಟಲು ಹೋದರೆ ಇನ್ನೂ 7,200 ಕೇಳಿದರು.

“ಬಡ್ಡಿ ಇಲ್ಲ ಅಂದಿದ್ರಲ್ರೀ ಭಾಯಿ?” ಎಂದು ಕಾಗದ ತಂದು ನನ್ನ ಮುಂದಿಟ್ಟರು. ಲೆಕ್ಕ ಅದರಲ್ಲೇ ಇತ್ತು. ವರ್ಷಕ್ಕೆ ನೂರಕ್ಕೆ 24ರಂತೆ ಪೂರ್ತಿ 60,000ಕ್ಕೆ ಆರು ತಿಂಗಳ ಬಡ್ಡಿ. ನಡುವೆ ಕಟ್ಟಿದ 50,000ಕ್ಕೆ ಲೆಕ್ಕವೇ ಇಲ್ಲ. ಉಳಿದ 10,000ಕ್ಕೆ ತಡವಾದ ಐದು ದಿನದ ಬಡ್ಡಿ ಮಾತ್ರ ಹಾಕಿದ್ದರೆ ಅದು ಸುಮಾರು 33 ರೂಪಾಯಿ.

ಗುಟ್ಟು ಇಷ್ಟೇ. ಇಂಥ ಯೋಜನೆಯಲ್ಲಿ ಬಡ್ಡಿ ಮೊದಲ ದಿನದಿಂದಲೇ ಒಳಗೊಳಗೆ ಏರುತ್ತಿರುತ್ತದೆ. ಗಡುವಿನೊಳಗೆ ಕೊನೆಯ ರೂಪಾಯಿವರೆಗೂ ಕಟ್ಟಿದರೆ ಅದನ್ನು ಮನ್ನಾ ಮಾಡುತ್ತಾರೆ. ‘ಬಡ್ಡಿ ಇಲ್ಲ’ ಬೇರೆ, ‘ಪೂರ್ತಿ ಕಟ್ಟಿದರೆ ಬಡ್ಡಿ ಮನ್ನಾ’ ಬೇರೆ. ಆ ‘ಕಟ್ಟಿದರೆ’ ಎಂಬ ಮಾತು ಕಂಡಲ್ಲಿ ನಿಂತು ಎರಡು ಪ್ರಶ್ನೆ ಕೇಳಬೇಕು: ತಪ್ಪಿದರೆ ಬಡ್ಡಿ ಯಾವ ದಿನದಿಂದ? ಉಳಿದ ಮೊತ್ತಕ್ಕೋ, ಪೂರ್ತಿ ಮೊತ್ತಕ್ಕೋ?

ಉತ್ತರ ಬಾಯಿಮಾತಿನಲ್ಲಿ ಬೇಡ. ರಿಸರ್ವ್ ಬ್ಯಾಂಕಿನ ನಿಯಮದಂತೆ 2024ರ ಅಕ್ಟೋಬರ್ 1ರಿಂದ ಬ್ಯಾಂಕು, ಫೈನಾನ್ಸ್ ಕಂಪನಿಗಳು ಇಂಥ ಸಾಲಕ್ಕೆ ಮುಖ್ಯಾಂಶಗಳ ಪತ್ರ ಕೊಡಬೇಕು, ಅದೂ ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ. ಜತ್ತದ ಅಂಗಡಿಯಲ್ಲಿ ಮರಾಠಿ ಇಲ್ಲವೇ ಇಂಗ್ಲಿಷ್ ಕಾಗದ ಮುಂದಿಟ್ಟರೂ, ಕನ್ನಡದಲ್ಲಿ ಕೊಡಿ ಎಂದು ಕೇಳಬಹುದು. ಅದರಲ್ಲಿ ಹೇಳದ ಶುಲ್ಕವನ್ನು ಸಾಲಗಾರನ ಸ್ಪಷ್ಟ ಒಪ್ಪಿಗೆ ಇಲ್ಲದೆ ವಸೂಲಿ ಮಾಡುವಂತಿಲ್ಲ. ಅಂಗಡಿಯವನೇ ಕೊಡುವ ಉದ್ರಿಗೆ ಈ ನಿಯಮ ಇಲ್ಲ. ಅಲ್ಲಿ ಚೀಟಿಯಲ್ಲಿ ಬರೆಸಿಕೊಳ್ಳಬೇಕು.

ಬಡ್ಡಿ ಹರಾಮ್ ಎಂದು ದೂರವಿರುವ ನಮ್ಮವರೂ ‘ಬಡ್ಡಿ ಇಲ್ಲವಲ್ಲ’ ಎಂದು ಇದಕ್ಕೆ ಸಹಿ ಹಾಕುವುದುಂಟು. ಆದರೆ ಗಡುವು ಮೀರಿದರೆ ಬಡ್ಡಿ ಕೊಡುತ್ತೇನೆಂಬ ಮಾತು ಸಹಿಯ ಮೇಲೆಯೇ ಇರುತ್ತದೆ. ಉದ್ರಿಗೆ 62,000 ಎಂದು ಮೊದಲೇ ಒಂದೇ ಬೆಲೆ ನಿಲ್ಲಿಸಿ, ತಡವಾದರೂ ಅದು ಏರದಂತೆ ಬರೆಸಿಕೊಂಡರೆ ಸಂಗತಿ ಬೇರೆ. ಅದು ವ್ಯಾಪಾರ. ಸಂಶಯವಿದ್ದರೆ ಸಹಿಗೆ ಮೊದಲು ಆ ಕಾಗದವನ್ನು ಉಸ್ತಾದರಿಗೆ ತೋರಿಸಬಹುದು.

ಈಗಾಗಲೇ ತೆಗೆದುಕೊಂಡವರು ಗಡುವನ್ನು ಹತ್ತು ದಿನ ಹಿಂದಕ್ಕೆ ಎಣಿಸಿಕೊಳ್ಳಲಿ. ಕಟ್ಟಿದ ಮೇಲೆ ಬಾಕಿ ಸೊನ್ನೆ ಎಂಬ ಪತ್ರ ಪಡೆಯಲಿ. ಹತ್ತು ರೂಪಾಯಿ ಉಳಿದರೂ ಆ ಲೆಕ್ಕ ಮೊದಲ ದಿನಕ್ಕೆ ಹಿಂದಿರುಗಬಹುದು.